ದೊಡ್ಡವರ ಮುಂದೆ ಪ್ರೆಸೆಂಟೇಶನ್ ಇದೆ, ಒಂಬತ್ತು ದಿನ ಮೊದಲೇ ನಿದ್ದೆ ಹೋಗಿದೆ

ಮೂವತ್ತೊಂದು ಸ್ಲೈಡು

ಮುಂದಿನ ವಾರ ಬುಧವಾರ ನಮ್ಮ ಕಂಪನಿಯ ಮೇಲಿನವರ ಮುಂದೆ ನಾನು ಮಾತಾಡಬೇಕು. ಏಳು ಜನ ಇರುತ್ತಾರೆ. ಸಿಇಒ, ಹಣಕಾಸಿನ ಮುಖ್ಯಸ್ಥರು, ಉಳಿದ ವಿಭಾಗಗಳ ಮುಖ್ಯಸ್ಥರು. ನನಗೆ ಕೊಟ್ಟಿರುವುದು 20 ನಿಮಿಷ. ಕ್ಯಾಲೆಂಡರಿನಲ್ಲಿ ಕರೆ ಬಂದ ಕ್ಷಣದಿಂದ ಹೊಟ್ಟೆಯಲ್ಲಿ ಏನೋ ಕುಟ್ಟುತ್ತಿದೆ.

ವಿಷಯ ಇಷ್ಟು. ಗೋದಾಮಿನ ಹಳೇ ಸಾಫ್ಟ್‌ವೇರಿನಿಂದ ಹೊಸದಕ್ಕೆ 48,000 ಸರಕಿನ ದಾಖಲೆಗಳನ್ನು ಸಾಗಿಸುವ ಕೆಲಸ ನಮ್ಮ ತಂಡದ್ದು. ಅದು 10 ವಾರ ತಡವಾಗಲಿದೆ. ಇದನ್ನು ನಾನೇ ಹೋಗಿ ಹೇಳಬೇಕು, ಜೊತೆಗೆ ಇನ್ನಿಬ್ಬರು ಜನ ಬೇಕು ಅಂತ ಕೇಳಬೇಕು.

ಆರು ತಿಂಗಳ ಹಿಂದೆ ಇದೇ ಕೋಣೆಯಲ್ಲಿ ಮೂರನೇ ಸ್ಲೈಡಿಗೇ ಹಣಕಾಸಿನವರು ತಡೆದು ಒಂದು ಅಂಕಿ ಎಲ್ಲಿಂದ ಬಂತು ಅಂತ ಕೇಳಿದರು. ತಲೆ ಖಾಲಿ ಆಯಿತು. ನಿಜವಾಗಿ ಖಾಲಿ. ನನ್ನ ಮ್ಯಾನೇಜರ್ ಉತ್ತರ ಕೊಟ್ಟರು. ಆಮೇಲೆ ಉಳಿದ ಸ್ಲೈಡುಗಳನ್ನು ಹೇಗೆ ಮುಗಿಸಿದೆ ಅಂತ ಇವತ್ತಿಗೂ ನೆನಪಿಲ್ಲ.

ಈ ಸಲ 31 ಸ್ಲೈಡು ಮಾಡಿದ್ದೇನೆ. ಪ್ರತಿಯೊಂದಕ್ಕೂ ಏನು ಹೇಳಬೇಕು ಅಂತ ಪೂರ್ತಿ ಬರೆದು ಬಾಯಿಪಾಠ ಮಾಡುತ್ತಿದ್ದೇನೆ. ಆದರೂ ರಾತ್ರಿ ಮೂರು ಗಂಟೆಗೆ ಎಚ್ಚರ ಆಗುತ್ತದೆ. ಯಾರಾದರೂ ಇದನ್ನು ದಾಟಿದವರು ಇದ್ದೀರಾ?

ಕಂಬದ ಮರೆ

ಒಂದು ಭಾಷಣ ಕ್ಲಬ್ ಸೇರಿಕೊಳ್ಳಿ. ನಾನು ಎರಡು ವರ್ಷ ಹೋದೆ. ಈಗ 200 ಜನರ ಮುಂದೆ ಮೈಕ್ ಕೊಟ್ಟರೂ ಭಯ ಇಲ್ಲ. ವೇದಿಕೆ ಭಯಕ್ಕೆ ವೇದಿಕೆಯೇ ಮದ್ದು.

ಮೂವತ್ತೊಂದು ಸ್ಲೈಡು

ಒಳ್ಳೆಯ ಸಲಹೆ, ಆದರೆ ನನಗೆ ವೇದಿಕೆ ಭಯ ಇಲ್ಲ. ಹೊಸಬರಿಗೆ ತರಬೇತಿ ಕೊಡುವುದು ನಾನೇ, 60 ಜನ ಇದ್ದರೂ ಆರಾಮಾಗಿ ಮಾತಾಡುತ್ತೇನೆ. ಈ ಏಳು ಜನರ ಮುಂದೆ ಮಾತ್ರ ಹೀಗೆ.

ಹಳೇ ಮೇಜು

ನಾನು ಹದಿನಾಲ್ಕು ವರ್ಷ ಆ ಮೇಜಿನ ಆಚೆ ಬದಿ ಕೂತವನು. ಈಗ ನಿವೃತ್ತ. ಅಲ್ಲಿಂದ ಕಂಡದ್ದು ಹೇಳುತ್ತೇನಮ್ಮ, ಬೇಕಾದ್ದು ಇಟ್ಟುಕೊಳ್ಳಿ.

ನೀವು ಕೊನೆಗೆ ಹೇಳಿದ ಮಾತೇ ಮುಖ್ಯ. 60 ಜನರಿಗೆ ಪಾಠ ಹೇಳುವಾಗ ಮಾತಿನ ಲಗಾಮು ನಿಮ್ಮ ಕೈಯಲ್ಲಿರುತ್ತದೆ. ಅವರು ಕೇಳುತ್ತಾರೆ, ನೀವು ಹೇಳುತ್ತೀರಿ. ಈ ಕೋಣೆಯಲ್ಲಿ ಅದು ತಿರುಗುಮುರುಗು. ನೀವು ಎರಡು ವಾಕ್ಯ ಹೇಳುವಷ್ಟರಲ್ಲಿ ಯಾರೋ ಹನ್ನೊಂದನೇ ಸ್ಲೈಡಿಗೆ ಹಾರುತ್ತಾರೆ. ಹಾಗಾಗಿ ನಿಮ್ಮ ಭಯ ಮಾತಾಡುವುದರ ಬಗ್ಗೆ ಅಲ್ಲ, ತಡೆಯುವುದರ ಬಗ್ಗೆ. ಯಾವ ಪ್ರಶ್ನೆ ಯಾವಾಗ ಬರುತ್ತದೋ ಗೊತ್ತಿಲ್ಲ ಅನ್ನುವುದೇ ನಿಮ್ಮ ನಿದ್ದೆ ಕೆಡಿಸುತ್ತಿರುವುದು. ಬಾಯಿಪಾಠ ಅದಕ್ಕೆ ಮದ್ದಲ್ಲ, ಅದರಿಂದ ಇನ್ನೂ ಕೆಡುತ್ತದೆ. ಬಾಯಿಪಾಠಕ್ಕೆ ಒಂದೇ ದಾರಿ. ಮಧ್ಯೆ ಯಾರಾದರೂ ಕೈ ಅಡ್ಡ ಹಾಕಿದರೆ ಮತ್ತೆ ಸಾಲು ಹಿಡಿಯಲು ಆಗುವುದಿಲ್ಲ. ಹೋದ ಸಲ ಆಗಿದ್ದು ಅದೇ ಇರಬೇಕು.

ಇನ್ನೊಂದು ವಿಷಯ, ನಾವು ತಡೆಯುತ್ತಿದ್ದುದು ಯಾಕೆ ಗೊತ್ತಾ? ಬಹಳ ಸಲ ನಿಮ್ಮನ್ನು ಸಿಕ್ಕಿಸಲು ಅಲ್ಲ. ಆ ದಿನ ಅದು ನಮ್ಮ ಐದನೇ ಸಭೆ. ನೀವು ಕಳಿಸಿದ್ದನ್ನು ಓದಿರುವುದಿಲ್ಲ. ಪ್ರಶ್ನೆ ಕೇಳುವುದೇ ನಮ್ಮ ಓದು. "ಇವರಿಗೆ ನಮ್ಮಿಂದ ಏನು ಬೇಕು" ಅನ್ನುವುದು ಗೊತ್ತಾಗುವ ತನಕ ನಮಗೂ ಚಡಪಡಿಕೆ. ಅದನ್ನು 28ನೇ ಸ್ಲೈಡಿಗೆ ಇಟ್ಟವರನ್ನು ಎಲ್ಲರೂ ಅಡ್ಡ ಹಾಕುತ್ತಿದ್ದೆವು. ಮೊದಲ ವಾಕ್ಯದಲ್ಲೇ ಹೇಳಿದವರನ್ನು ಮಾತಾಡಲು ಬಿಡುತ್ತಿದ್ದೆವು. ಎಲ್ಲ ಸಲ ಅಲ್ಲ, ಹೆಚ್ಚಿನ ಸಲ.

ಈಗ ಹೇಳಿ. ಈ ಸಭೆಯಲ್ಲಿ ನಿಮಗೆ ತೀರ್ಮಾನ ಬೇಕಾ, ಸುಮ್ನೆ ವರದಿ ಒಪ್ಪಿಸುವುದಾ? ನಿಮ್ಮ ಸರದಿಗೆ ಮೊದಲು ಏನಿದೆ? ಏಳು ಜನರಲ್ಲಿ ಎಷ್ಟು ಜನಕ್ಕೆ 10 ವಾರ ತಡ ಅನ್ನುವುದು ಈಗಾಗಲೇ ಗೊತ್ತು?

ಮೂವತ್ತೊಂದು ಸ್ಲೈಡು

ತೀರ್ಮಾನ ಬೇಕು ಸರ್. ಮೊದಲು ಏನಿದೆ ಗೊತ್ತಿಲ್ಲ. ತಡದ ವಿಷಯ ನನ್ನ ಮ್ಯಾನೇಜರಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಸಭೆಯಲ್ಲೇ ಹೇಳೋಣ ಅಂತಿದ್ದೆವು.

ಹಳೇ ಮೇಜು

ಅಯ್ಯೋ, ಅದೇ ತಪ್ಪು. ಕೆಟ್ಟ ಸುದ್ದಿಯನ್ನು ಆ ಕೋಣೆಯಲ್ಲಿ ಮೊದಲ ಸಲ ಒಡೆಯಬೇಡಿ. ಆರು ಜನರ ಎದುರು ಏಳನೆಯವರು ಬೆಚ್ಚಿಬಿದ್ದರೆ ಅವರಿಗೂ ಮುಜುಗರ, ಆ ಮುಜುಗರ ಪ್ರಶ್ನೆಯಾಗಿ ನಿಮ್ಮ ಮೇಲೆ ಬರುತ್ತದೆ. ಜಪಾನಿನ ಕಂಪನಿಗಳಲ್ಲಿ ಇದಕ್ಕೆ ನೆಮವಾಶಿ ಅಂತ ಹೆಸರೇ ಇದೆ. ಗಿಡವನ್ನು ಬೇರೆಡೆ ನೆಡುವ ಮೊದಲು ಬೇರಿನ ಸುತ್ತ ಮಣ್ಣು ಬಿಡಿಸಿಕೊಳ್ಳುವ ಕೆಲಸಕ್ಕೆ ಆ ಮಾತು. ಸಭೆಗೆ ಮೊದಲೇ ಒಬ್ಬೊಬ್ಬರ ಹತ್ತಿರ ಹೋಗಿ ವಿಷಯ ಮಾತಾಡಿಕೊಂಡು ಬರುವುದು.

ಏಳೂ ಜನ ಸಿಗುವುದಿಲ್ಲ, ಬೇಕಾಗಿಯೂ ಇಲ್ಲ. ಎರಡು ಭೇಟಿ ಸಾಕು. ಒಂದು, ಹಣಕಾಸು. ಮುಖ್ಯಸ್ಥರೇ ಬೇಕಂತಿಲ್ಲ, ಅವರಿಗೆ ಅಂಕಿ ತಯಾರು ಮಾಡಿಕೊಡುವವರು ಯಾರೋ ಇರುತ್ತಾರಲ್ಲ, ಅವರು. ಇನ್ನೊಂದು, ಗೋದಾಮಿನ ಮುಖ್ಯಸ್ಥರು, ಯಾಕಂದರೆ ತಡದ ಪೆಟ್ಟು ಬೀಳುವುದು ಅವರಿಗೆ. ಹದಿನೈದು ನಿಮಿಷ ಕೇಳಿ. ಒಂದೇ ಹಾಳೆ ತೆಗೆದುಕೊಂಡು ಹೋಗಿ. "ಬುಧವಾರ ಇದನ್ನು ಹೇಳಲಿದ್ದೇನೆ, ಇದರಲ್ಲಿ ನಿಮಗೆ ಎಲ್ಲಿ ಅನುಮಾನ ಬರುತ್ತದೆ" ಅಂತ ಕೇಳಿ ಸುಮ್ಮನಾಗಿ. ಅವರು ಹೇಳುವುದೇ ಪ್ರಶ್ನೆಪತ್ರಿಕೆ.

ಮ್ಯಾನೇಜರನ್ನು ಕೇಳದೆ ಮಾತ್ರ ಹೋಗಬೇಡಿ.

ಎದೆ ಡವಡವ

ಇಷ್ಟೆಲ್ಲ ಯಾಕೆ? ನನಗೂ ಹೀಗೇ ಆಗುತ್ತಿತ್ತು. ಸಹೋದ್ಯೋಗಿ ಒಬ್ಬ ಪ್ರೊಪ್ರನಲಾಲ್ ಮಾತ್ರೆ ಕೊಟ್ಟ. ಒಂದು ಗಂಟೆ ಮೊದಲು ತಗೊಂಡೆ, ಎದೆ ಬಡಿತ ಇಲ್ಲ, ಕೈ ನಡುಕ ಇಲ್ಲ, ಧ್ವನಿ ಗಟ್ಟಿ. ಸಂಗೀತಗಾರರೂ ತಗೋತಾರೆ. ಏನೂ ಅಡ್ಡ ಪರಿಣಾಮ ಇಲ್ಲ. ಅಕ್ಕಾ, ಒಂದು ಸ್ಟ್ರಿಪ್ ಇಟ್ಟುಕೊಳ್ಳಿ.

ರಾತ್ರಿ ಪಾಳಿ

ನಾನು ನರ್ಸ್. ಮೇಲಿನವರು ಹೇಳಿದ್ದರಲ್ಲಿ ಅರ್ಧ ಸರಿ, ಇನ್ನರ್ಧ ಅಪಾಯ.

ಆ ಮಾತ್ರೆ ಅಡ್ರಿನಲಿನ್‌ನ ಪರಿಣಾಮವನ್ನು ತಡೆಯುತ್ತದೆ. ಅದಕ್ಕೇ ಎದೆ ಬಡಿತ, ನಡುಕ ಕಡಿಮೆ ಆಗುತ್ತದೆ. ಕೆಲವರಿಗೆ ವೈದ್ಯರು ಇದೇ ಕಾರಣಕ್ಕೆ ಬರೆದುಕೊಡುವುದೂ ಉಂಟು. ಆದರೆ ಆಸ್ತಮಾ ಇರುವವರಿಗೆ ಇದು ಶ್ವಾಸನಾಳವನ್ನು ಬಿಗಿಗೊಳಿಸಬಹುದು. ಆಗ ಮೀಟಿಂಗ್ ಅಲ್ಲ, ಆಸ್ಪತ್ರೆ. ರಕ್ತದೊತ್ತಡ ಮೊದಲೇ ಕಡಿಮೆ ಇದ್ದರೆ, ನಾಡಿ ನಿಧಾನ ಇದ್ದರೆ ತಲೆ ಸುತ್ತಿ ಬೀಳಬಹುದು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗೆ ಸಕ್ಕರೆ ಇಳಿದಾಗ ಬರುವ ಎದೆ ಬಡಿತದ ಮುನ್ಸೂಚನೆಯನ್ನೇ ಇದು ಮರೆಮಾಡುತ್ತದೆ. ಬೇರೆಯವರ ಸ್ಟ್ರಿಪ್ಪಿನಿಂದ ತೆಗೆದು ನುಂಗುವ ಮಾತ್ರೆ ಅಲ್ಲ ಇದು.

ವೈದ್ಯರು ಕೊಟ್ಟರೂ ಮೊದಲ ಸಲ ಮೀಟಿಂಗಿನ ದಿನವೇ ತಗೋಬೇಡಿ. ಮನೆಯಲ್ಲಿ ಖಾಲಿ ಇರುವ ದಿನ ನೋಡಿ ಅಂತ ಅವರೇ ಹೇಳುತ್ತಾರೆ. ಅದೂ ಅಲ್ಲದೆ ಮಾತ್ರೆ ದೇಹವನ್ನು ಸುಮ್ಮನಾಗಿಸುತ್ತದೆ, ರಾತ್ರಿ ಮೂರು ಗಂಟೆಯ ಯೋಚನೆಗಳಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಮೂವತ್ತೊಂದು ಸ್ಲೈಡು

ಓದಿ ಕೈ ತಣ್ಣಗಾಯಿತು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಇನ್‌ಹೇಲರ್ ಇರುತ್ತದೆ. ಆ ಮಾತ್ರೆ ಬೇಡ. ಧನ್ಯವಾದ ರಾತ್ರಿ ಪಾಳಿ ಅವರೇ.

ಎದೆ ಡವಡವ

ಸಾರಿ ಅಕ್ಕಾ. ಅದು ನನಗೆ ಗೊತ್ತಿರಲಿಲ್ಲ.

ಕಲ್ಲು ಮುಖ

ನಾನು ಆಪ್ತ ಸಲಹೆಗಾರ್ತಿ, ಇಂಥ ಭಯ ಇಟ್ಟುಕೊಂಡು ಬರುವವರನ್ನು ವಾರಕ್ಕೆ ನಾಲ್ಕೈದು ಜನ ನೋಡುತ್ತೇನೆ. ಹಳೇ ಮೇಜು ಅವರು ಹೇಳಿದ್ದಕ್ಕೆ ಇನ್ನೊಂದು ಬದಿಯಿಂದ ಸೇರಿಸುತ್ತೇನೆ.

ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದವರು 1993ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಲ್ಯಾಬಿನಲ್ಲಿ ಮನುಷ್ಯರಿಗೆ ಒತ್ತಡ ಬರಿಸಬೇಕು, ಅದಕ್ಕೊಂದು ಖಚಿತ ವಿಧಾನ ಬೇಕು ಅಂತ. ಅವರು ಏನು ಮಾಡಿದರು ಗೊತ್ತಾ? ತಯಾರಿಗೆ ಸ್ವಲ್ಪ ಹೊತ್ತು ಕೊಟ್ಟು, ಒಂದು ಸಮಿತಿಯ ಮುಂದೆ ಐದು ನಿಮಿಷ ಮಾತಾಡಿಸಿದರು. ಆಮೇಲೆ ಐದು ನಿಮಿಷ ಬಾಯಿಲೆಕ್ಕ. 1022ರಿಂದ ಹದಿಮೂರು ಹದಿಮೂರು ಕಳೆಯುತ್ತಾ ಬರಬೇಕು, ತಪ್ಪಿದರೆ ಮತ್ತೆ ಮೊದಲಿನಿಂದ. ಸಮಿತಿಯವರು ತಲೆ ಆಡಿಸಬಾರದು, ನಗಬಾರದು, ಮುಖ ಕಲ್ಲಿನಂತೆ ಇರಬೇಕು. ಇವತ್ತಿಗೂ ಒತ್ತಡದ ಸಂಶೋಧನೆಯಲ್ಲಿ ಇದನ್ನೇ ಬಳಸುತ್ತಾರೆ. 2004ರಲ್ಲಿ ಇಂಥ 208 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒತ್ತಡದ ಹಾರ್ಮೋನು ಕಾರ್ಟಿಸಾಲ್ ಅತಿ ಹೆಚ್ಚು ಏರಿದ್ದು ಎರಡು ವಿಷಯ ಕೂಡಿದಾಗ. ಒಂದು, ಬೇರೆಯವರು ನಮ್ಮನ್ನು ಅಳೆಯುತ್ತಿದ್ದಾರೆ ಅನ್ನುವುದು. ಇನ್ನೊಂದು, ಏನು ಮಾಡಿದರೂ ಪರಿಸ್ಥಿತಿ ನಮ್ಮ ಕೈಯಲ್ಲಿಲ್ಲ ಅನ್ನುವುದು.

ನಿಮ್ಮ ಸಭೆಯಲ್ಲಿ ಈ ಎರಡೂ ಇವೆ. ಹಾಗಾಗಿ ನಿಮ್ಮಲ್ಲಿ ಏನೋ ಕೊರತೆ ಇದೆ ಅಂದುಕೊಳ್ಳಬೇಡಿ. ಒತ್ತಡ ಹುಟ್ಟಿಸಲೆಂದೇ ಮಾಡಿದ ಯಂತ್ರದೊಳಗೆ ಹೋಗುತ್ತಿದ್ದೀರಿ, ಅದು ಕೆಲಸ ಮಾಡುತ್ತಿದೆ, ಅಷ್ಟೇ. ಅಳೆಯುವುದನ್ನು ತಪ್ಪಿಸಲು ಆಗುವುದಿಲ್ಲ. ಹಿಡಿತವನ್ನು ಮಾತ್ರ ಸ್ವಲ್ಪ ವಾಪಸ್ ತರಬಹುದು. ಮೊದಲೇ ಹೋಗಿ ಮಾತಾಡಿಕೊಂಡು ಬನ್ನಿ ಅನ್ನುವ ಸಲಹೆ ಆ ಕೆಲಸ ಮಾಡುತ್ತದೆ.

ನಾನು ಕೊಡುವ ಮನೆಪಾಠ ಒಂದೇ. ಮೂವರು ಸ್ನೇಹಿತರನ್ನು ಕೂರಿಸಿ. ಅವರಿಗೆ ಹೇಳಿ, ನಗಬೇಡಿ, ತಲೆ ಆಡಿಸಬೇಡಿ, ಒಬ್ಬರು ಫೋನ್ ನೋಡುತ್ತಿರಿ, ಎರಡನೇ ವಾಕ್ಯಕ್ಕೆ ಒಬ್ಬರು ತಡೆಯಿರಿ. ಇದನ್ನು ಬೇರೆ ಬೇರೆ ದಿನ ಮೂರು ಸಲ ಮಾಡಿ. ಕನ್ನಡಿ ಮುಂದೆ ಇಪ್ಪತ್ತು ಸಲ ಮಾಡುವುದಕ್ಕಿಂತ ಇದು ಮೇಲು, ಯಾಕಂದರೆ ಕನ್ನಡಿ ಅಡ್ಡ ಮಾತಾಡುವುದಿಲ್ಲ. ಮೊದಲ ಸಲ ನಿಮಗೆ ಹೊಟ್ಟೆ ಕಿವುಚುತ್ತದೆ. ಕಿವುಚಬೇಕು. ಮೂರನೇ ಸಲಕ್ಕೆ ಕಲ್ಲು ಮುಖ ಅಂದರೆ "ಇವರಿಗೆ ನಾನು ಹಿಡಿಸಲಿಲ್ಲ" ಅನ್ನುವ ಅರ್ಥ ಕಳಚಿ, ಬರೀ ಮುಖ ಆಗುತ್ತದೆ.

ಕ್ಯಾಮೆರಾ ಆಫ್

ನನ್ನದೂ ಇದೇ ಕಥೆ, ಆದರೆ ಆನ್‌ಲೈನ್. ಹನ್ನೆರಡು ಚೌಕಗಳಲ್ಲಿ ಹತ್ತು ಕಪ್ಪು. ಕಲ್ಲು ಮುಖವೂ ಕಾಣುವುದಿಲ್ಲ! ಕಾಣುವ ಒಂದೇ ಮುಖ ನನ್ನದು. ನಾನು ಮಾತಾಡುವಾಗ ನನ್ನ ಕುತ್ತಿಗೆ ಕೆಂಪಾಗುವುದನ್ನು ನಾನೇ ನೋಡುತ್ತಿರುತ್ತೇನೆ.

ಕಲ್ಲು ಮುಖ

ನಿಮ್ಮ ಚೌಕವನ್ನು ನಿಮಗೆ ಮಾತ್ರ ಕಾಣದಂತೆ ಮಾಡುವ ಆಯ್ಕೆ ಬಹುತೇಕ ಎಲ್ಲ ಸಾಫ್ಟ್‌ವೇರಿನಲ್ಲಿ ಇದೆ. ಮೊದಲು ಅದನ್ನು ಮಾಡಿ. ಆತಂಕ ಬಂದಾಗ ಗಮನ ಒಳಗೆ ತಿರುಗುತ್ತದೆ. ಧ್ವನಿ ನಡುಗಿತಾ, ಮುಖ ಕೆಂಪಾಯಿತಾ ಅಂತ ನಮ್ಮನ್ನು ನಾವೇ ಕಾವಲು ಕಾಯಲು ಶುರು ಮಾಡುತ್ತೇವೆ. ಎದುರಿನವರು ಕೇಳಿದ ಪ್ರಶ್ನೆ ಕಿವಿಗೆ ಬಿದ್ದರೂ ತಲೆಗೆ ಹೋಗುವುದಿಲ್ಲ. "ತಲೆ ಖಾಲಿ ಆಯಿತು" ಅನ್ನುವುದು ಬಹಳ ಸಲ ಅದೇ.

ಇನ್ನೊಂದು. ನಮ್ಮ ಒಳಗಿನ ಗಾಬರಿ ಹೊರಗೆ ಎಷ್ಟು ಕಾಣುತ್ತಿದೆ ಅಂತ ನಾವು ಅಂದುಕೊಳ್ಳುತ್ತೇವೋ ಅಷ್ಟು ಕಾಣುವುದಿಲ್ಲ. ಸವಿಟ್ಸ್ಕಿ, ಗಿಲೊವಿಚ್ ಎಂಬ ಸಂಶೋಧಕರು 2003ರಲ್ಲಿ ಇದನ್ನು ಭಾಷಣ ಮಾಡುವವರ ಮೇಲೆ ನೋಡಿದರು. ಈ ವಿಷಯವನ್ನು ಮೊದಲೇ ತಿಳಿಸಿದ್ದ ಗುಂಪು ಹೆಚ್ಚು ಚೆನ್ನಾಗಿ ಮಾತಾಡಿತು. ಹಾಗಂತ ಅವರಿಗೆ ಹೇಳಿಕೊಟ್ಟದ್ದು ಇಷ್ಟೇ, ನಿಮ್ಮ ಗಾಬರಿ ಹೊರಗೆ ಅಷ್ಟು ಕಾಣುವುದಿಲ್ಲ ಅಂತ.

ಕಂಬದ ಮರೆ

ಅಂದರೆ "ನಾನು ಶಾಂತ, ನಾನು ಶಾಂತ" ಅಂತ ಹೇಳಿಕೊಳ್ಳಬೇಕು. ನಮ್ಮ ಕ್ಲಬ್ಬಿನಲ್ಲಿ ಅದನ್ನೇ ಮಾಡಿಸುತ್ತಾರೆ.

ಕಲ್ಲು ಮುಖ

ಅದು ಕಷ್ಟದ ದಾರಿ. ಎದೆ ನಗಾರಿ ಬಾರಿಸುತ್ತಿರುವಾಗ ಶಾಂತ ಅಂದರೆ ದೇಹ ನಂಬುವುದಿಲ್ಲ. ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ "ನಾನು ಶಾಂತ" ಅಂದುಕೊಂಡವರಿಗಿಂತ "ನನಗೆ ಉತ್ಸಾಹ ಬಂದಿದೆ" ಅಂದುಕೊಂಡವರ ಭಾಷಣ ಕೇಳುವವರಿಗೆ ಹೆಚ್ಚು ಹಿಡಿಸಿತು. ಎದೆ ಬಡಿತ ಇಳಿಯಲಿಲ್ಲ ನೋಡಿ, ಅದಕ್ಕೆ ಕೊಟ್ಟ ಹೆಸರು ಬದಲಾಯಿತು. ನನ್ನ ಹತ್ತಿರ ಬರುವವರಲ್ಲಿ ಕೆಲವರಿಗೆ ಇದು ಒಗ್ಗುತ್ತದೆ, ಕೆಲವರಿಗೆ ನಗು ಬರುತ್ತದೆ. ನಗು ಬಂದವರಿಗೆ ನಾನು ಉಸಿರಾಟ ಹೇಳಿಕೊಡುತ್ತೇನೆ. ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ, ಐದು ನಿಮಿಷ. ಹೊರಗೆ ಬಿಡುವುದು ಉದ್ದ ಇರಬೇಕು. ದೊಡ್ಡದಾಗಿ ಎಳೆದು ಎಳೆದು ಉಸಿರಾಡಿದರೆ ತಲೆ ಹಗುರಾಗಿ ಇನ್ನೂ ಗಾಬರಿ ಆಗುತ್ತದೆ, ಅದು ತಪ್ಪು ವಿಧಾನ.

ರಾತ್ರಿ ಪಾಳಿ

ಕಾಫಿ ಬಗ್ಗೆ ಯಾರೂ ಹೇಳಲಿಲ್ಲ. ನಿದ್ದೆ ಕೆಟ್ಟ ಬೆಳಿಗ್ಗೆ ಎಲ್ಲರೂ ಎರಡು ಲೋಟ ಜಾಸ್ತಿ ಕುಡಿಯುತ್ತಾರೆ. ಕೆಫೀನು ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ನಡುಕ ಭಯದ್ದೋ ಕಾಫಿಯದ್ದೋ ಆಮೇಲೆ ತಿಳಿಯುವುದಿಲ್ಲ. ದಿನಾ ಕುಡಿಯುವಷ್ಟೇ ಕುಡಿಯಿರಿ. ಪೂರ್ತಿ ಬಿಡಲೂ ಬೇಡಿ, ತಲೆನೋವು ಬರುತ್ತದೆ.

ಮೂವತ್ತೊಂದು ಸ್ಲೈಡು

ಗುರುವಾರದ ಸುದ್ದಿ. ಮ್ಯಾನೇಜರ್ ಒಪ್ಪಿದರು. ಇವತ್ತು ಹಣಕಾಸಿನ ಉಪಮುಖ್ಯಸ್ಥೆಯನ್ನು ಭೇಟಿ ಆದೆ. ಒಂದೇ ಹಾಳೆ ಕೊಟ್ಟೆ. "48,000ದಲ್ಲಿ 31,200 ಮುಗಿದಿದೆ, ಅಂದರೆ ಶೇಕಡಾ 65" ಅಂತ ಬರೆದಿದ್ದೆ. ಅವರು ಅದನ್ನು ನೋಡಿದ್ದೇ ತಡ, "ಹೋದ ತಿಂಗಳು ಶೇಕಡಾ 80 ಅಂತ ಕಳಿಸಿದ್ದಿರಲ್ಲ, ಕೆಲಸ ಹಿಂದಕ್ಕೆ ಹೋಯಿತಾ?" ಅಂದರು.

ನನಗೆ ಜೀವ ಬಾಯಿಗೆ ಬಂತು. ಕೂತು ಹಳೇ ವರದಿ ತೆಗೆದು ನೋಡಿದೆವು. ಹೋದ ತಿಂಗಳು ನಾವು ಹೊಸ ಸಾಫ್ಟ್‌ವೇರಿಗೆ ಹೋಗಿ ಕೂತ ದಾಖಲೆಗಳನ್ನು ಎಣಿಸಿದ್ದೆವು, ಅದು 38,400. ಈ ತಿಂಗಳು ಹೋಗಿ ಕೂತು, ತಾಳೆ ನೋಡಿ ಸರಿ ಇದೆ ಅಂತ ಖಾತ್ರಿ ಆದವನ್ನು ಮಾತ್ರ ಎಣಿಸಿದ್ದೇವೆ. ಎಣಿಸುವ ರೀತಿ ಬದಲಾಗಿದೆ ಅಂತ ನಾವು ಯಾರಿಗೂ ಹೇಳಿಯೇ ಇಲ್ಲ. ನನ್ನ 31 ಸ್ಲೈಡಿನಲ್ಲಿ ಎಲ್ಲೂ ಇದು ಇಲ್ಲ.

ಇದೇ ಪ್ರಶ್ನೆ ಬುಧವಾರ ಏಳು ಜನರ ಮುಂದೆ ಬಂದಿದ್ದರೆ? ಇವತ್ತು ಬಂತು, ಒಬ್ಬರ ಮುಂದೆ, ಒಂದು ಲೋಟ ನೀರಿನ ಜೊತೆ. ಈ ವಾರದಲ್ಲಿ ಮೊದಲ ಸಲ ಹೊಟ್ಟೆಯ ಕುಟ್ಟಾಟ ಸ್ವಲ್ಪ ಕಡಿಮೆ ಆಗಿದೆ.

ಹಳೇ ಮೇಜು

ಇದಕ್ಕೇ ಅಮ್ಮ ನಾನು ಹೋಗಿ ಅಂದದ್ದು. ಈಗ ಆ 80 ಮತ್ತು 65ರ ಕಥೆಯನ್ನು ಅವರು ಕೇಳುವ ಮೊದಲು ನೀವೇ ಹೇಳಿ. ಒಂದೇ ಸಾಲು ಸಾಕು. "ಹೋದ ತಿಂಗಳ 80, ಸಾಗಿಸಿದ್ದು. ಈ ತಿಂಗಳ 65, ಸಾಗಿಸಿ ತಾಳೆ ನೋಡಿದ್ದು. ಇನ್ನು ಮುಂದೆ ಎರಡನೆಯದನ್ನೇ ಕೊಡುತ್ತೇವೆ."

ಮುಂದೆ, ಸ್ಲೈಡು. ನಾಲ್ಕು ಇಟ್ಟುಕೊಳ್ಳಿ. ಉಳಿದ 27ನ್ನು ಎಸೆಯಬೇಡಿ, ಹಿಂದೆ ಜೋಡಿಸಿ ನಂಬರ್ ಹಾಕಿ. ಯಾರಾದರೂ ಕೇಳಿದರೆ ತೆಗೆಯಲು. ಮೊದಲ ಮೂರು ವಾಕ್ಯ ಮಾತ್ರ ಬಾಯಿಪಾಠ ಮಾಡಿ, ಬೇರೆ ಏನನ್ನೂ ಮಾಡಬೇಡಿ. ನನಗೆ ತೋಚಿದ್ದು:

"ಇವತ್ತು ನಿಮ್ಮಿಂದ ಒಂದು ತೀರ್ಮಾನ ಬೇಕು. ಕೆಲಸ 10 ವಾರ ತಡವಾಗಲಿದೆ. ತಾಳೆ ನೋಡಲು ಇಬ್ಬರನ್ನು 8 ವಾರಕ್ಕೆ ಕೊಟ್ಟರೆ ಆ ತಡ 4 ವಾರಕ್ಕೆ ಇಳಿಯುತ್ತದೆ."

ಇಲ್ಲಿಗೆ ನಿಲ್ಲಿ. ಮೂರನೇ ವಾಕ್ಯ ಮುಗಿದ ಮೇಲೆ ಒಂದು ಮೌನ ಬರುತ್ತದೆ. ಅದನ್ನು ತುಂಬಲು ಹೋಗಬೇಡಿ. ಬಹಳ ಜನ ಅಲ್ಲೇ ಜಾರುತ್ತಾರೆ, ಕೇಳದೇ ಇದ್ದ ವಿವರಣೆ ಕೊಟ್ಟು ಸಿಕ್ಕಿಬೀಳುತ್ತಾರೆ.

ಒಂದು ಕಾಗದದಲ್ಲಿ ಎಂಟು ಪ್ರಶ್ನೆ ಬರೆದುಕೊಳ್ಳಿ. ಅಂಕಿ ಎಲ್ಲಿಂದ ಬಂತು, ಯಾಕೆ ತಡ ಆಯಿತು, ಯಾಕೆ ಮೊದಲೇ ಹೇಳಲಿಲ್ಲ, ಜನ ಕೊಡದಿದ್ದರೆ ಏನು, ಹೀಗೆ. ಪ್ರತಿಯೊಂದಕ್ಕೂ ಎರಡು ಸಾಲಿನ ಉತ್ತರ. "ಯಾಕೆ ಮೊದಲೇ ಹೇಳಲಿಲ್ಲ" ಅನ್ನುವುದನ್ನು ಬಿಡಬೇಡಿ, ಅದು ಖಂಡಿತ ಬರುತ್ತದೆ. ಗೊತ್ತಿಲ್ಲದ್ದು ಬಂದರೆ ಏನು ಹೇಳಬೇಕು ಅನ್ನುವುದನ್ನೂ ಬರೆದಿಡಿ. "ಅದು ನನ್ನ ಹತ್ತಿರ ಈಗ ಇಲ್ಲ, ಶುಕ್ರವಾರ ಮಧ್ಯಾಹ್ನದೊಳಗೆ ಕಳಿಸುತ್ತೇನೆ." ದಿನ ಹೇಳಬೇಕು. ದಿನ ಹೇಳದೆ "ನೋಡಿ ಹೇಳುತ್ತೇನೆ" ಅಂದವರನ್ನು ನಾವು ನಂಬುತ್ತಿರಲಿಲ್ಲ.

ಬೇಸತ್ತವ

ಎಲ್ಲ ಚೆನ್ನಾಗಿದೆ, ಆದರೆ ಇದು ಒಳ್ಳೆಯ ಮೇಲಧಿಕಾರಿಗಳಿರುವ ಲೋಕದ ಮಾತು. ನಾನಿದ್ದ ಕಡೆ ಒಬ್ಬರು ಪ್ರತಿ ಸಭೆಯಲ್ಲಿ ಯಾರನ್ನಾದರೂ ಹರಿದು ಹಾಕಿದರೇ ಸಮಾಧಾನ. ಮೊದಲೇ ಹೋಗಿ ಹೇಳಿದರೆ ಆ ಮಾಹಿತಿಯನ್ನೇ ಹಿಡಿದು ಸಭೆಯಲ್ಲಿ ಹೊಡೆಯುತ್ತಿದ್ದರು. ಉಸಿರಾಟ, ನಾಲ್ಕು ಸ್ಲೈಡು, ಯಾವುದೂ ನಡೆಯಲಿಲ್ಲ. ಕೊನೆಗೆ ಕೆಲಸ ಬಿಟ್ಟೆ.

ಹಳೇ ಮೇಜು

ಅಂಥವರನ್ನು ನಾನೂ ಕಂಡಿದ್ದೇನೆ. ಅವರ ಮೇಲೆ ನನ್ನ ಯಾವ ಉಪಾಯವೂ ನಡೆಯುವುದಿಲ್ಲ, ಒಪ್ಪುತ್ತೇನೆ. ಗುರುತಿಸಲು ಒಂದು ದಾರಿ ಇದೆ. ಪ್ರಶ್ನೆ ಕೆಲಸದ ಮೇಲೆ ಇದ್ದರೆ ಅದಕ್ಕೆ ಉತ್ತರ ಸಿಕ್ಕ ಕೂಡಲೇ ನಿಲ್ಲುತ್ತದೆ. ಮನುಷ್ಯರ ಮೇಲೆ ಇದ್ದರೆ ಉತ್ತರ ಸಿಕ್ಕರೂ ನಿಲ್ಲುವುದಿಲ್ಲ, ಇನ್ನೊಂದಕ್ಕೆ ಹಾರುತ್ತದೆ.

ಕ್ಯಾಮೆರಾ ಆಫ್

ನನ್ನದೊಂದು ಪ್ರಶ್ನೆ. ನನಗೆ ಹೀಗೆ ಭಯ ಆಗುತ್ತದೆ ಅಂತ ಮ್ಯಾನೇಜರಿಗೆ ಹೇಳಬೇಕಾ?

ಕಲ್ಲು ಮುಖ

ಹೇಳಿದರೆ ಒಳ್ಳೆಯದು ಅನ್ನುತ್ತೇನೆ. ಬಚ್ಚಿಡುವುದಕ್ಕೇ ಅರ್ಧ ಶಕ್ತಿ ಹೋಗುತ್ತದೆ.

ಬೇಸತ್ತವ

ನಾನು ಹೇಳಿದೆ. ಆ ವರ್ಷದ ಮೌಲ್ಯಮಾಪನದಲ್ಲಿ "ಒತ್ತಡ ತಡೆಯುವ ಶಕ್ತಿ ಸಾಲದು" ಅಂತ ಬರೆದರು. ನೋಡಿಕೊಂಡು ಹೇಳಿ.

ರಾತ್ರಿ ಪಾಳಿ

ಭಯ ಅನ್ನುವ ಪದ ಬೇಡ ಅಂದರೆ ಬೇಕಾದ್ದನ್ನು ಕೇಳಿ. "ಮಧ್ಯೆ ಪ್ರಶ್ನೆ ಬಂದರೆ ನನಗೆ ಹತ್ತು ಸೆಕೆಂಡು ಬೇಕಾಗುತ್ತದೆ, ನೀವು ತಕ್ಷಣ ಉತ್ತರಿಸಬೇಡಿ" ಅಂತ. ನಮ್ಮ ವಾರ್ಡಿನಲ್ಲಿ ದೊಡ್ಡ ಡಾಕ್ಟರು ರೌಂಡ್ಸ್ ಬಂದಾಗ ನಾನು ಹಿರಿಯ ನರ್ಸಿಗೆ ಹಾಗೇ ಹೇಳಿದ್ದೆ.

ಬೇಸತ್ತವ

ಅದು ನಡೆದೀತು.

ಮೂವತ್ತೊಂದು ಸ್ಲೈಡು

ಬುಧವಾರ ರಾತ್ರಿ. ಮುಗಿಯಿತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಕಲ್ಲು ಮುಖದ ಅಭ್ಯಾಸ ಎರಡೇ ಸಲ ಆಯಿತು. ಮೊದಲ ಸಲ ಸ್ನೇಹಿತೆ ಒಬ್ಬಳು ನಗು ತಡೆಯಲಾರದೆ ಎದ್ದು ಹೋದಳು. ಎರಡನೇ ಸಲ ಚೆನ್ನಾಗಿ ನಡೆಯಿತು, ಅಂದರೆ ನನಗೆ ಕೆಟ್ಟದಾಗಿ ನಡೆಯಿತು. ಮಂಗಳವಾರ ರಾತ್ರಿ ನಾಲ್ಕು ಗಂಟೆ ನಿದ್ದೆ ಬಂತು, ಅಷ್ಟೇ.

ನಮ್ಮ ಸರದಿಗೆ ಮೊದಲಿನವರು ತಡ ಮಾಡಿದರು. 20 ನಿಮಿಷ ಹೋಗಿ 8 ನಿಮಿಷ ಉಳಿಯಿತು. ಬಾಗಿಲ ಹೊರಗೆ ಕೂತು ಉಸಿರು ಎಣಿಸುತ್ತಿದ್ದೆ, ಎದೆ ಮಾತ್ರ ಕೇಳಲೇ ಇಲ್ಲ. ಒಳಗೆ ಹೋದೆ. ಮೊದಲ ವಾಕ್ಯ ಹೇಳಿದೆ. ಎರಡನೆಯದು ಹೇಳಿದೆ. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಸಿಇಒ, "10 ವಾರ? ಇದನ್ನು ಯಾಕೆ ಈಗ ಹೇಳುತ್ತಿದ್ದೀರಿ?" ಅಂದರು.

ಕಾಗದದಲ್ಲಿ ನಾಲ್ಕನೇ ಪ್ರಶ್ನೆ ಅದು. ನೋಡಲೂ ಇಲ್ಲ. "ಮೂರು ವಾರದ ಹಿಂದೆ ನಮಗೇ ಗೊತ್ತಾಯಿತು. ಎರಡು ಸಲ ಲೆಕ್ಕ ಹಾಕಿ ಬಂದಿದ್ದೇವೆ" ಅಂದೆ. ಧ್ವನಿ ನಡುಗುತ್ತಿತ್ತು, ನನಗೆ ಕೇಳುತ್ತಿತ್ತು. ಅವರು ತಲೆ ಆಡಿಸಲಿಲ್ಲ. ಆದರೆ "ಸರಿ, ಮುಂದೆ" ಅಂದರು. ಅಲ್ಲಿಂದ ಒಂದೆರಡು ನಿಮಿಷದಲ್ಲಿ ಎದೆ ತಾನಾಗಿ ಇಳಿಯಿತು. 80, 65ರ ವಿಷಯಕ್ಕೆ ಹಣಕಾಸಿನ ಮುಖ್ಯಸ್ಥರೇ ನನ್ನ ಪರ ವಿವರಿಸಿದರು. ಅವರ ಉಪಮುಖ್ಯಸ್ಥೆ ಹೇಳಿದ್ದರಂತೆ.

ಒಂದು ಪ್ರಶ್ನೆಗೆ ಉತ್ತರ ಇರಲಿಲ್ಲ. ತಾಳೆ ನೋಡುವಾಗ ನೂರಕ್ಕೆ ಎಷ್ಟು ದಾಖಲೆ ತಪ್ಪಾಗಿ ಸಿಗುತ್ತಿವೆ ಅಂತ ಕೇಳಿದರು. ಶುಕ್ರವಾರ ಮಧ್ಯಾಹ್ನ ಅಂದೆ.

ತೀರ್ಮಾನ, ಇಬ್ಬರಲ್ಲ, ಒಬ್ಬರು. ಅಂದರೆ 4 ವಾರಕ್ಕೆ ಇಳಿಯುವುದಿಲ್ಲ, ಏಳರ ಹತ್ತಿರ ನಿಲ್ಲುತ್ತದೆ.

ಈಗ ತೊಂದರೆ ಬೇರೆ. ಮನೆಗೆ ಬಂದಾಗಿನಿಂದ ಆ ಎಂಟು ನಿಮಿಷ ತಲೆಯಲ್ಲಿ ಓಡುತ್ತಲೇ ಇದೆ. ಧ್ವನಿ ನಡುಗಿದ್ದು ಮಾತ್ರ ಮತ್ತೆ ಮತ್ತೆ ಕೇಳುತ್ತದೆ.

ಕಲ್ಲು ಮುಖ

ಆ ಮರುಪ್ರಸಾರಕ್ಕೆ ಬಿಡಬೇಡಿ, ಮುಂದಿನ ಸಭೆಯ ಭಯ ಬೆಳೆಯುವುದು ಅಲ್ಲೇ. ಈಗಲೇ ಒಂದು ಕಾಗದ ತೆಗೆದುಕೊಳ್ಳಿ. ಅವರು ಬಾಯಿಬಿಟ್ಟು ಕೇಳಿದ್ದನ್ನು ಮಾತ್ರ ಬರೆಯಿರಿ, ನೀವು ಕೊಟ್ಟ ಉತ್ತರ ಬರೆಯಿರಿ. ಅವರು ಏನು ಅಂದುಕೊಂಡಿರಬಹುದು ಅನ್ನುವುದನ್ನು ಬರೆಯಬೇಡಿ. ನಾಳೆ ಮ್ಯಾನೇಜರನ್ನು ಒಂದೇ ಪ್ರಶ್ನೆ ಕೇಳಿ, ಧ್ವನಿ ನಡುಗಿದ್ದು ಗೊತ್ತಾಯಿತಾ ಅಂತ.

ಎದೆ ಡವಡವ

ಅಕ್ಕಾ, ಒಬ್ಬರು ಸಿಕ್ಕರಲ್ಲ! ನನಗೆ ಮಾತ್ರೆ ತಗೊಂಡರೂ ಯಾರೂ ಸಿಗಲಿಲ್ಲ.

ಮೂವತ್ತೊಂದು ಸ್ಲೈಡು

ಕೇಳಿದೆ. "ನಡುಗಿತ್ತಾ? ನೀನು ಮಾತಾಡುವಾಗ ನಾನು ಗಡಿಯಾರ ನೋಡುತ್ತಿದ್ದೆ" ಅಂದರು.

ಕಾಗದದಲ್ಲಿ ಐದು ಪ್ರಶ್ನೆ ಬಂದವು. ನಾಲ್ಕಕ್ಕೆ ಉತ್ತರ ಕೊಟ್ಟಿದ್ದೇನೆ. ಐದನೆಯದಕ್ಕೆ ಈಗ ಕೂತು ತಪ್ಪು ದಾಖಲೆ ಎಣಿಸುತ್ತಿದ್ದೇನೆ, ನಾಳೆ ಮಧ್ಯಾಹ್ನದೊಳಗೆ ಕಳಿಸಬೇಕು.